ಲೆಕ್ಕದಿಂದ ಜಾರಿಹೋದ ಆರು ಜನ

ಜರ್ನಲ್ ಕ್ಲಬ್ ಎಂದರೆ ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಮಧ್ಯಾಹ್ನ ಎರಡು ಗಂಟೆಯ ವ್ಯವಹಾರ. ಮೆಸ್ಸಿನ ಅನ್ನ ಸಾರು ಉಂಡು ಬಂದ ಮಕ್ಕಳು, ತಲೆಯ ಮೇಲೆ ಗಿರಗಿಟ್ಟುವ ಫ್ಯಾನು, ಮುಂದೆ ಪರದೆ. ಒಬ್ಬರು ಒಂದು ಸಂಶೋಧನಾ ಪ್ರಬಂಧವನ್ನು ಓದಿಕೊಂಡು ಬಂದು ಒಪ್ಪಿಸಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಹೆಚ್ಚಿನ ದಿನ ಒಪ್ಪಿಸುವುದು ನಡೆಯುತ್ತದೆ, ಕೇಳುವುದು ನಡೆಯುವುದಿಲ್ಲ. ಅದಕ್ಕೇ ವರ್ಷಕ್ಕೊಮ್ಮೆ ನಾನೇ ಒಂದು ಪ್ರಬಂಧ ಆರಿಸಿ ಕೊಡುತ್ತೇನೆ. 2020ರ ಮಾರ್ಚ್‌ನಲ್ಲಿ ಪ್ರಿಂಟ್ ತೆಗೆದಿಟ್ಟುಕೊಂಡದ್ದು. ಅಂಚು ಹಳದಿಯಾಗಿದೆ, ಮೂಲೆಯಲ್ಲಿ ಕಾಫಿ ಲೋಟದ ಗುರುತಿದೆ.

ಈ ಸಲ ಅದು ಮೂರನೇ ವರ್ಷದ ಒಬ್ಬ ಹುಡುಗಿಯ ಪಾಲಿಗೆ ಬಂತು. ಹಾವೇರಿ ಕಡೆಯವಳು, ಮಾತು ಖಡಕ್. ಎದ್ದು ನಿಂತವಳೇ ಅಂದಳು: "ಸರ್, ಔಷಧ ಕೊಟ್ಟವರಲ್ಲಿ ಎಪ್ಪತ್ತು ಪರ್ಸೆಂಟ್ ಜನಕ್ಕೆ ಆರನೇ ದಿನಕ್ಕೆ ವೈರಸ್ ಹೋಗಿದೆ. ಕೊಡದವರಲ್ಲಿ ಬರೀ ಹನ್ನೆರಡೂವರೆ. ಪಿ ವ್ಯಾಲ್ಯೂನೂ ಸಣ್ಣದಿದೆ. ಔಷಧ ಕೆಲಸ ಮಾಡ್ತದ ಸರ್."

ಫ್ರಾನ್ಸ್‌ನ ಮಾರ್ಸೆಯ್ ನಗರದಲ್ಲಿ ದಿದಿಯೆ ರಾವೂಲ್ಟ್ ಅವರ ತಂಡ ಪ್ರಕಟಿಸಿದ, ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟ ಅಧ್ಯಯನವಿದು. ಆ ಮಾತ್ರೆಯ ಹೆಸರು ಈಗಿನ ಮಕ್ಕಳಿಗೂ ನೆನಪಿದೆ. ಆಗ ಅವರು ಹೈಸ್ಕೂಲಿನಲ್ಲಿದ್ದರು, ಮನೆಯಲ್ಲಿ ಯಾರೋ ಅದನ್ನು ಹುಡುಕಿಕೊಂಡು ಮೆಡಿಕಲ್ ಶಾಪುಗಳಿಗೆ ಅಲೆದಿದ್ದರು. ಆದರೆ ಅಷ್ಟು ಗದ್ದಲ ಎಬ್ಬಿಸಿದ ಪ್ರಬಂಧವನ್ನು ಓದಿದವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಆ ಕಾಲಕ್ಕೆ ಅದರ ಬಗ್ಗೆ ಟೀವಿಯಲ್ಲಿ ಮಾತಾಡಿದವರಲ್ಲಿ ಎಷ್ಟು ಜನ ಓದಿದ್ದರು ಎಂಬುದೂ ಅನುಮಾನವೇ.

"ಸಾರಾಂಶ ಬಿಡಮ್ಮ," ಎಂದೆ. "ಬೋರ್ಡಿನ ಮೇಲೆ ಒಂದು ಚೌಕ ಬರಿ. ಎಷ್ಟು ಜನ ಒಳಗೆ ಬಂದರು? ಎಷ್ಟು ಜನರ ಲೆಕ್ಕ ಕೊನೆಗೆ ಸಿಕ್ಕಿತು?"

ಪ್ರಬಂಧದ ಮೊದಲ ಪುಟದಲ್ಲಿರುವ ಸಾರಾಂಶ ಬರೆದವರ ವಾದ. ಅವರು ನಮ್ಮನ್ನು ಎಲ್ಲಿಗೆ ಕರೆದೊಯ್ಯಬೇಕು ಎಂದುಕೊಂಡಿದ್ದಾರೋ ಅಲ್ಲಿಗೆ ಸೀದಾ ಕರೆದೊಯ್ಯುತ್ತದೆ. ಕೆಲಸ ಹೇಗೆ ನಡೆಯಿತು ಎಂಬುದು ಇರುವುದು ಒಳಗಡೆ, ವಿಧಾನ ಎಂಬ ಭಾಗದಲ್ಲಿ. ಅಲ್ಲಿನ ಅಕ್ಷರ ಸಣ್ಣದು, ಓದಲು ಬೇಸರ, ಹಾಗಾಗಿ ಹುಡುಗರು ಹಾರಿಸಿಬಿಡುತ್ತಾರೆ. ನಾನು ಮಾತ್ರ ಅಲ್ಲಿಂದಲೇ ಶುರು ಮಾಡಿಸುತ್ತೇನೆ, ಅದೂ ತಲೆ ಎಣಿಸುವುದರಿಂದ.

ಅವಳು ಹಾಳೆ ತಿರುಗಿಸಿ ಎಣಿಸಿದಳು. ಔಷಧ ಕೊಟ್ಟ ಗುಂಪಿಗೆ ಸೇರಿದ್ದು 26 ಜನ. ಔಷಧ ಇಲ್ಲದ ಗುಂಪಿನಲ್ಲಿ 16 ಜನ. ಒಟ್ಟು 42. ಕೊನೆಯ ಕೋಷ್ಟಕದಲ್ಲಿ 20 ಮತ್ತು 16, ಅಂದರೆ 36. ಚಾಕ್‌ಪೀಸು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಳು. "ಸರ್, ಆರು ಜನ ಕಮ್ಮಿ ಬೀಳ್ತಾರೆ. ಆರೂ ಔಷಧ ತಗೊಂಡವರೇ."

ಆ ಆರು ಜನ ಏನಾದರು ಎಂಬುದನ್ನು ಪ್ರಬಂಧ ಮುಚ್ಚಿಟ್ಟಿಲ್ಲ, ಅದನ್ನು ಹೇಳಲೇಬೇಕು. ಒಂದು ಉದ್ದನೆಯ ವಾಕ್ಯದಲ್ಲಿ ಎಲ್ಲ ಬರೆದಿದೆ. ಮೂವರು ಐಸಿಯುಗೆ ಹೋದರು. ಒಬ್ಬರು ಮೂರನೇ ದಿನ ತೀರಿಕೊಂಡರು. ಒಬ್ಬರು ಆಸ್ಪತ್ರೆ ಬಿಟ್ಟು ಮನೆಗೆ ಹೋದರು. ಇನ್ನೊಬ್ಬರು ವಾಕರಿಕೆ ಬಂದು ಮಾತ್ರೆ ನಿಲ್ಲಿಸಿದರು. ಇವರ ಆರನೇ ದಿನದ ಮಾದರಿ ಸಿಗಲಿಲ್ಲವಾದ್ದರಿಂದ ಲೆಕ್ಕದಿಂದ ಕೈಬಿಟ್ಟಿದ್ದಾರೆ.

ತರಗತಿ ಈಗ ಎಚ್ಚರವಾಯಿತು. ಹಿಂದಿನ ಬೆಂಚಿನಿಂದ ಒಬ್ಬ, "ಇದು ನಮ್ ಸ್ಕೂಲಿನ ಎಸ್ಸೆಸ್ಸೆಲ್ಸಿ ರಿಸಲ್ಟ್ ಇದ್ದಂಗೈತಲ್ಲ ಸರ್" ಎಂದ. ಎಲ್ಲರೂ ನಕ್ಕರು. ನೂರಕ್ಕೆ ನೂರು ಫಲಿತಾಂಶ ಎಂದು ಗೇಟಿಗೆ ಬ್ಯಾನರ್ ಕಟ್ಟುವ ಕೆಲವು ಶಾಲೆಗಳ ಗುಟ್ಟು ಅವರಿಗೆಲ್ಲ ಗೊತ್ತು. ಫೇಲಾಗಬಹುದಾದ ಹುಡುಗರನ್ನು ಒಂಬತ್ತನೇ ಕ್ಲಾಸಿನಲ್ಲೇ ಟೀಸಿ ಕೊಟ್ಟು ಕಳಿಸಿದರೆ ಹತ್ತನೇ ಕ್ಲಾಸಿನಲ್ಲಿ ಫೇಲಾಗುವವರು ಎಲ್ಲಿಂದ ಬರಬೇಕು? ಮಾರ್ಸೆಯ್‌ನವರು ಬೇಕೆಂದೇ ಹಾಗೆ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಉದ್ದೇಶ ಏನೇ ಇರಲಿ, ಲೆಕ್ಕಕ್ಕೆ ಆಗುವ ಪೆಟ್ಟು ಒಂದೇ. ರೋಗ ಜೋರಾಗಿದೆ ಎಂಬ ಕಾರಣಕ್ಕೇ ಒಬ್ಬನನ್ನು ಲೆಕ್ಕದಿಂದ ಬಿಟ್ಟರೆ, ಉಳಿದವರು ತಾವಾಗಿಯೇ ಚೆನ್ನಾಗಿ ಕಾಣುತ್ತಾರೆ.

ಇದಕ್ಕೆ ನಮ್ಮ ವೃತ್ತಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ಯಾವ ಗುಂಪಿಗೆ ಸೇರಿಸಿಕೊಂಡೆವೋ ಆ ಗುಂಪಿನ ಲೆಕ್ಕದಲ್ಲೇ ಕೊನೆಯವರೆಗೂ ಇಟ್ಟುಕೊಳ್ಳಬೇಕು. ಮಾತ್ರೆ ನುಂಗಲಿ ಬಿಡಲಿ, ಓಡಿಹೋಗಲಿ, ಸಾಯಲಿ. ಹಾಗೆ ಹಾಕಿದರೆ ಗುಣವಾದವರು 20ರಲ್ಲಿ 14 ಎನ್ನುವುದು 26ರಲ್ಲಿ 14 ಆಗುತ್ತದೆ. ಎಪ್ಪತ್ತು ಇದ್ದದ್ದು ಐವತ್ನಾಲ್ಕಕ್ಕೆ ಇಳಿಯುತ್ತದೆ. "ಆದ್ರೂ ಹನ್ನೆರಡೂವರೆಗಿಂತ ಜಾಸ್ತಿನೇ ಐತಲ್ಲ ಸರ್?" ಎಂದು ಹುಡುಗಿ ಬಿಡಲಿಲ್ಲ. ಸರಿಯಾದ ಪ್ರಶ್ನೆ. ಆರು ಜನ ಜಾರಿಹೋದದ್ದೊಂದೇ ತಪ್ಪಾಗಿದ್ದರೆ ಪ್ರಬಂಧ ಉಳಿದುಕೊಳ್ಳುತ್ತಿತ್ತೋ ಏನೋ.

ಆ ವಾಕ್ಯವನ್ನೇ ಇನ್ನೊಮ್ಮೆ ನಿಧಾನವಾಗಿ ಓದು ಎಂದೆ. ತೀರಿಕೊಂಡ ರೋಗಿಯ ಬಗ್ಗೆ ಅಲ್ಲಿ ಇನ್ನೊಂದು ಮಾತಿದೆ. ಮೂರನೇ ದಿನ ಸತ್ತ ಆ ವ್ಯಕ್ತಿಯ ಎರಡನೇ ದಿನದ ಪಿಸಿಆರ್ ವರದಿ ನೆಗೆಟಿವ್ ಇತ್ತು. ಅಂದರೆ ಈ ಅಧ್ಯಯನದ ಅಳತೆಗೋಲಿನ ಪ್ರಕಾರ ಆ ರೋಗಿ ಹಿಂದಿನ ದಿನವೇ ವೈರಸ್‌ನಿಂದ ಮುಕ್ತ.

ಕೊಠಡಿ ತಣ್ಣಗಾಯಿತು. ಪ್ರತಿ ವರ್ಷ ಈ ಜಾಗದಲ್ಲಿ ತಣ್ಣಗಾಗುತ್ತದೆ.

ಅಧ್ಯಯನ ಅಳೆದದ್ದು ಮೂಗಿನೊಳಗೆ ಕಡ್ಡಿ ಹಾಕಿ ತೆಗೆದ ಮಾದರಿಯಲ್ಲಿ ವೈರಸ್ ಕಾಣುತ್ತದೋ ಇಲ್ಲವೋ ಎಂಬುದನ್ನು. ರೋಗಿ ಬದುಕಿದನೇ, ಆಮ್ಲಜನಕ ಬೇಕಾಯಿತೇ, ಎದ್ದು ಓಡಾಡಿದನೇ ಎಂಬುದನ್ನಲ್ಲ. ರೋಗಿಗೂ ಮನೆಯವರಿಗೂ ಬೇಕಾದದ್ದು ಎರಡನೆಯದು. ಮೊದಲನೆಯದು ಅದಕ್ಕೊಂದು ಬದಲಿ ಗುರುತು ಅಷ್ಟೆ. ಬದಲಿ ಗುರುತನ್ನು ಅಳೆಯುವುದು ಸುಲಭ, ಬೇಗ ಆಗುತ್ತದೆ, ಅಗ್ಗ. ಆದರೆ ಆ ಗುರುತು ಸುಧಾರಿಸಿದರೆ ರೋಗಿಯೂ ಸುಧಾರಿಸುತ್ತಾನೆ ಎಂಬುದನ್ನು ಬೇರೆಯಾಗಿಯೇ ತೋರಿಸಬೇಕಾಗುತ್ತದೆ. ಪ್ರಬಂಧ ಕೈಗೆ ಬಂದಾಗ 'ಏನನ್ನು ಅಳೆದರು?' ಎಂಬ ಪ್ರಶ್ನೆಯನ್ನು ಫಲಿತಾಂಶ ನೋಡುವ ಮೊದಲೇ ಕೇಳಿಕೊಳ್ಳಬೇಕು. ಆಮೇಲೆ ಕೇಳಿದರೆ ಸಂಖ್ಯೆಯ ಮೋಹ ಹತ್ತಿಬಿಟ್ಟಿರುತ್ತದೆ.

ಇನ್ನು ಔಷಧ ಸಿಗದ ಹದಿನಾರು ಜನ ಯಾರು? ಮಾರ್ಸೆಯ್‌ನಲ್ಲಿ ಔಷಧ ಬೇಡ ಎಂದವರು ಅಥವಾ ನಿಯಮದ ಪ್ರಕಾರ ಕೊಡಬಾರದವರು ಕೆಲವರು, ದಕ್ಷಿಣ ಫ್ರಾನ್ಸ್‌ನ ಬೇರೆ ಆಸ್ಪತ್ರೆಗಳಿಂದ ಬಂದವರು ಇನ್ನು ಕೆಲವರು. ಔಷಧ ಪಡೆದವರ ಸರಾಸರಿ ವಯಸ್ಸು ಸುಮಾರು 51, ಇವರದು ಸುಮಾರು 37. ಇವರಲ್ಲಿ ಕೆಲವರಿಗೆ ಕೆಲವು ದಿನ ಪರೀಕ್ಷೆಯೇ ಆಗಿಲ್ಲ, ಅಕ್ಕಪಕ್ಕದ ದಿನಗಳ ವರದಿ ನೋಡಿ ಊಹಿಸಿ ತುಂಬಿದ್ದಾರೆ. ಊರು ಬೇರೆ, ಆಸ್ಪತ್ರೆ ಬೇರೆ, ವಯಸ್ಸು ಬೇರೆ. ಎರಡು ಗುಂಪಿನ ನಡುವೆ ಕಂಡ ವ್ಯತ್ಯಾಸ ಮಾತ್ರೆಯಿಂದ ಬಂತೋ, ಈ ಬೇರೆಗಳಲ್ಲಿ ಯಾವುದಾದರೂ ಒಂದರಿಂದ ಬಂತೋ ಹೇಳುವ ದಾರಿಯಿಲ್ಲ.

ಇದನ್ನೇ ನಾವು ಬಯಾಸ್ ಎನ್ನುವುದು. ಕನ್ನಡದಲ್ಲಿ ಪಕ್ಷಪಾತ ಎಂದರೆ ಯಾರೋ ಬೇಕೆಂದು ಮಾಡಿದ ಹಾಗೆ ಕೇಳುತ್ತದೆ, ಅದಕ್ಕೇ ನನಗೆ ಆ ಮಾತು ಅಷ್ಟಾಗಿ ಹಿಡಿಸುವುದಿಲ್ಲ. ಸಂತೆಯಲ್ಲಿ ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಕೊಂಡಿದ್ದರೆ ಏನಾಗುತ್ತದೆ? ವ್ಯಾಪಾರಿ ಅಂಟಿಸಿದ್ದರೂ ಒಂದೇ, ತಾನಾಗಿ ಅಂಟಿಕೊಂಡಿದ್ದರೂ ಒಂದೇ, ತೂಕ ಒಂದು ಕಡೆಗೇ ವಾಲುತ್ತದೆ. ಹತ್ತು ಸಲ ತೂಗಿದರೆ ಹತ್ತು ಸಲವೂ ಅದೇ ಕಡೆಗೆ. ಸಾವಿರ ಸಲ ತೂಗಿದರೂ ಸರಿಯಾಗುವುದಿಲ್ಲ. ರೋಗಿಗಳ ಸಂಖ್ಯೆ ಹೆಚ್ಚಿಸಿದರೆ ಬಯಾಸ್ ಹೋಗುತ್ತದೆ ಎಂದುಕೊಂಡವರು ಮೇಷ್ಟ್ರುಗಳಲ್ಲೂ ಇದ್ದಾರೆ. ಹೋಗುವುದಿಲ್ಲ. ತಪ್ಪು ಉತ್ತರ ಇನ್ನಷ್ಟು ಗಟ್ಟಿ ದನಿಯಲ್ಲಿ ಬರುತ್ತದೆ, ಅಷ್ಟೆ.

ಹುಣಸೆಹಣ್ಣು ಕೆರೆದು ತೆಗೆಯುವ ಉಪಾಯ ಲಾಟರಿ. ರೋಗಿ ಬಂದಾಗ ಯಾವ ಗುಂಪಿಗೆ ಹಾಕಬೇಕೆಂದು ವೈದ್ಯನೂ ನಿರ್ಧರಿಸಬಾರದು, ರೋಗಿಯೂ ನಿರ್ಧರಿಸಬಾರದು, ಚೀಟಿ ನಿರ್ಧರಿಸಬೇಕು. ಆಗ ವಯಸ್ಸು, ಸಕ್ಕರೆ ಕಾಯಿಲೆ, ಬಡತನ, ಧೈರ್ಯ, ನಾವು ಅಳೆದದ್ದು ಅಳೆಯದ್ದು ಎಲ್ಲವೂ ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ಮಾರ್ಸೆಯ್ ಅಧ್ಯಯನದಲ್ಲಿ ಚೀಟಿ ಎತ್ತಿರಲಿಲ್ಲ. ವಿಧಾನದ ಭಾಗದಲ್ಲಿ ಮೊದಲು ಹುಡುಕಬೇಕಾದ ಪದ ಇದೇ. ಸಿಗದಿದ್ದರೆ ಪ್ರಬಂಧ ಎಸೆಯಬೇಕೆಂದಿಲ್ಲ, ಆದರೆ 'ಔಷಧ ಕೆಲಸ ಮಾಡ್ತದ' ಎಂಬ ಮಾತನ್ನು ನಾಲಿಗೆಯ ತುದಿಯಲ್ಲೇ ಹಿಡಿದಿಟ್ಟುಕೊಳ್ಳಬೇಕು.

ಚೀಟಿಯ ಮಾತು ಬಂದದ್ದರಿಂದ ಅದನ್ನೇ ಮುಂದುವರಿಸಿದೆವು. ಔಷಧ ಪಡೆದ ಇಪ್ಪತ್ತು ಜನರಲ್ಲಿ ಆರು ಜನಕ್ಕೆ ಜೊತೆಗೆ ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಕೂಡ ಕೊಟ್ಟಿದ್ದರು. ಆ ಆರರಲ್ಲಿ ಆರಕ್ಕೂ ವೈರಸ್ ಹೋಗಿತ್ತು. ನೂರಕ್ಕೆ ನೂರು! ಬರೀ ಹೈಡ್ರಾಕ್ಸಿಕ್ಲೋರೋಕ್ವಿನ್ ತಗೊಂಡ ಹದಿನಾಲ್ಕು ಜನರಲ್ಲಿ ಎಂಟಕ್ಕೆ. ಜಗತ್ತಿನ ಪತ್ರಿಕೆಗಳು ಹಿಡಿದುಕೊಂಡದ್ದು ಈ ನೂರನ್ನು. ಎರಡೂ ಸೇರಿದರೆ ರಾಮಬಾಣ ಎಂದು ಸುದ್ದಿಯಾಯಿತು.

ಒಂದು ಸ್ಟೀಲ್ ಡಬ್ಬಿಗೆ ಇಪ್ಪತ್ತು ಚೀಟಿ ಹಾಕಿಸಿದೆ. ಹದಿನಾಲ್ಕರಲ್ಲಿ 'ಹೋಯ್ತು' ಎಂದು ಬರೆದಿದೆ, ಆರರಲ್ಲಿ 'ಇದೆ' ಎಂದು. ಅಂದರೆ ಅಜಿತ್ರೋಮೈಸಿನ್‌ಗೆ ಯಾವ ಶಕ್ತಿಯೂ ಇಲ್ಲ ಎಂದೇ ಇಟ್ಟುಕೊಳ್ಳೋಣ. ಈಗ ಪ್ರತಿಯೊಬ್ಬರೂ ಕಣ್ಣು ಮುಚ್ಚಿ ಆರು ಚೀಟಿ ಎತ್ತಬೇಕು, ನೋಡಿ ಮತ್ತೆ ಡಬ್ಬಿಗೆ ಹಾಕಬೇಕು. ಆರರಲ್ಲಿ ಆರೂ 'ಹೋಯ್ತು' ಬರುವುದು ಎಷ್ಟು ಜನಕ್ಕೆ? ಲೆಕ್ಕದ ಪ್ರಕಾರ ಹದಿಮೂರು ಸಲಕ್ಕೆ ಒಂದು ಸಲ ಬರಬೇಕು. ಅವತ್ತು ತರಗತಿಯಲ್ಲಿ ಇಪ್ಪತ್ತಾರು ಜನ ಇದ್ದರು, ಮೂವರಿಗೆ ಬಂತು. ಮೂರನೆಯವನು ಎದ್ದು ನಿಂತು, "ಸರ್, ನಾನೂ ಪೇಪರ್ ಬರೀಬಹುದಾ?" ಎಂದು ಕೇಳಿದ.

ಇದು ಸಂಖ್ಯೆ ಸಾಲದಿರುವ ತೊಂದರೆ. ಬಯಾಸ್‌ಗಿಂತ ಇದರ ಜಾತಿಯೇ ಬೇರೆ. ಇಲ್ಲಿ ತಕ್ಕಡಿಯ ತಟ್ಟೆ ಚೊಕ್ಕವಾಗಿಯೇ ಇರಬಹುದು, ಆದರೆ ಮುಳ್ಳು ಗಾಳಿಗೆ ತೊನೆಯುತ್ತಿರುತ್ತದೆ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಒಂದೇ ಸಲ ನೋಡಿ ತೂಕ ಹೇಳಿದರೆ ಎಷ್ಟು ಬೇಕಾದರೂ ತಪ್ಪಬಹುದು. ಹೆಚ್ಚು ರೋಗಿಗಳನ್ನು ಸೇರಿಸಿದಷ್ಟೂ ಮುಳ್ಳಿನ ತೊನೆತ ಕಡಿಮೆಯಾಗುತ್ತದೆ. ಎಷ್ಟು ತೊನೆಯುತ್ತಿದೆ ಎಂದು ಹೇಳುವುದಕ್ಕೆ ಪ್ರಬಂಧಗಳಲ್ಲಿ ಕಾನ್ಫಿಡೆನ್ಸ್ ಇಂಟರ್ವಲ್ ಎಂಬ ಎರಡು ಸಂಖ್ಯೆಗಳಿರುತ್ತವೆ. ಆರಕ್ಕೆ ಆರು ಗುಣವಾದಾಗ ಆ ಎರಡು ಸಂಖ್ಯೆಗಳು ಸುಮಾರು 54 ಮತ್ತು 100. ಅಂದರೆ ನಿಜವಾದ ಗುಣದ ಪ್ರಮಾಣ ನೂರಕ್ಕೆ ಐವತ್ನಾಲ್ಕಿದ್ದರೂ ಆರಕ್ಕೆ ಆರು ಬಂದುಬಿಡಬಹುದು. ಶೇಕಡಾ ಲೆಕ್ಕವನ್ನು ಕಂಡಾಗಲೆಲ್ಲ ಅದರ ಹಿಂದಿನ ತಲೆಗಳನ್ನು ಎಣಿಸಬೇಕು ಎನ್ನುವುದು ಇದಕ್ಕೇ. 'ನೂರಕ್ಕೆ ನೂರು' ಮತ್ತು 'ಆರಕ್ಕೆ ಆರು' ಗಣಿತದಲ್ಲಿ ಒಂದೇ, ವಾರ್ಡಿನಲ್ಲಿ ಒಂದೇ ಅಲ್ಲ.

ಎಷ್ಟು ಜನ ಬೇಕು ಎಂದು ಅಧ್ಯಯನ ಶುರು ಮಾಡುವ ಮೊದಲೇ ಲೆಕ್ಕ ಹಾಕಿ ಬರೆಯುವ ಪದ್ಧತಿ ಇದೆ. ಮಾರ್ಸೆಯ್‌ನವರೂ ಬರೆದಿದ್ದರು: ಗುಂಪಿಗೆ 24ರಂತೆ 48 ಜನ. ಅದೂ ಏಳನೇ ದಿನದ ವೈರಸ್ ಪ್ರಮಾಣಕ್ಕೆ ಹಾಕಿದ ಲೆಕ್ಕ. ಫಲಿತಾಂಶ ಕೊಟ್ಟದ್ದು ಆರನೇ ದಿನದ್ದು, 36 ಜನರದ್ದು. ಏಳು ಹೇಗೆ ಆರಾಯಿತು ಎಂದು ಓದುವವನು ಕೇಳಬೇಕು. ಓಟದ ಪಂದ್ಯದಲ್ಲಿ ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂದು ಓಡುವ ಮೊದಲೇ ಹೇಳಬೇಕು. ನಡುವೆ ಗೆರೆ ಸರಿಸುವ ಅವಕಾಶ ಇದ್ದರೆ ಯಾರನ್ನು ಬೇಕಾದರೂ ಗೆಲ್ಲಿಸಬಹುದು. ಹಾಗೆ ನೋಡಿದರೆ, ಆಂಟಿಬಯಾಟಿಕ್ ಜೊತೆಗೆ ತಗೊಂಡು ಆರನೇ ದಿನ ನೆಗೆಟಿವ್ ಆಗಿದ್ದ ಒಬ್ಬರು ಎಂಟನೇ ದಿನ ಮತ್ತೆ ಪಾಸಿಟಿವ್ ಬಂದರು ಎಂದು ಅದೇ ಪ್ರಬಂಧದಲ್ಲಿದೆ.

ಹುಡುಗಿ ಇಷ್ಟರಲ್ಲಿ ಪೂರ್ತಿ ಮನಸ್ಸು ಬದಲಿಸಿದ್ದಳು. "ಹಂಗಾದ್ರ ಔಷಧ ಕೆಟ್ಟದ್ದು ಅಂತ ಬರೀಬೇಕು ಸರ್. ಔಷಧ ತಗೊಂಡ ಇಪ್ಪತ್ತಾರರಲ್ಲಿ ನಾಕು ಜನ ಐಸಿಯುಗೆ ಹೋದ್ರು ಇಲ್ಲಾ ಸತ್ರು. ತಗೊಳ್ಳದವರಲ್ಲಿ ಅಂಥದ್ದು ಒಂದೂ ಇಲ್ಲ."

ಇಲ್ಲೇ ನಾನು ಪ್ರತಿ ವರ್ಷ ಅವರನ್ನು ಹಿಡಿಯುವುದು. ನಾಲ್ಕು ಮತ್ತು ಸೊನ್ನೆ ಕೂಡ ಚೀಟಿಯಾಟದಲ್ಲಿ ಸುಲಭವಾಗಿ ಬರುವಂಥವೇ. ನಲವತ್ತೆರಡು ಚೀಟಿಯಲ್ಲಿ ನಾಲ್ಕು ಕೆಟ್ಟ ಚೀಟಿ ಇದ್ದು, ಕಣ್ಣು ಮುಚ್ಚಿ ಇಪ್ಪತ್ತಾರು ಎತ್ತಿದರೆ ಆ ನಾಲ್ಕೂ ನಿಮ್ಮ ಕೈಗೇ ಬರುವ ಸಾಧ್ಯತೆ ಏಳೆಂಟು ಸಲಕ್ಕೆ ಒಂದು ಸಲ. ಅದೂ ಅಲ್ಲದೆ ಔಷಧ ಪಡೆದವರು ವಯಸ್ಸಿನಲ್ಲೂ ಹಿರಿಯರು. ಒಳ್ಳೆಯದು ಎನ್ನಲು ಸಾಲದ ಪುರಾವೆ ಕೆಟ್ಟದ್ದು ಎನ್ನಲೂ ಸಾಲದು. ನಮಗೆ ಇಷ್ಟವಿಲ್ಲದ ಪ್ರಬಂಧವನ್ನು ಓದುವಾಗ ಮಾತ್ರ ಹುಣಸೆಹಣ್ಣು ಹುಡುಕುವವರು ಬಹಳ. ಆಗ ತಕ್ಕಡಿ ಓದುಗನದ್ದೇ ವಾಲಿರುತ್ತದೆ.

ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾರ್ಚ್ 16ಕ್ಕೆ ಪತ್ರಿಕೆಯ ಕೈಸೇರಿದ ಪ್ರಬಂಧಕ್ಕೆ 17ಕ್ಕೆ ಒಪ್ಪಿಗೆ ಸಿಕ್ಕಿತ್ತು. ಬರೆದವರಲ್ಲಿ ಒಬ್ಬರು ಆ ಪತ್ರಿಕೆಯ ಪ್ರಧಾನ ಸಂಪಾದಕರೂ ಆಗಿದ್ದರು. ಅಮೆರಿಕದ ಅಧ್ಯಕ್ಷರು ಟ್ವೀಟ್ ಮಾಡಿದರು, ಮಾತ್ರೆ ಅಂಗಡಿಗಳಿಂದ ಮಾಯವಾಯಿತು, ಅದನ್ನೇ ನಂಬಿಕೊಂಡಿದ್ದ ಲೂಪಸ್ ಮತ್ತು ಸಂಧಿವಾತದ ರೋಗಿಗಳು ಪರದಾಡಿದರು. ಅದೇ ವಾರ ನಮ್ಮಲ್ಲೂ ಐಸಿಎಂಆರ್ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಈ ಮಾತ್ರೆ ಸೂಚಿಸಿತು. ನಾನೂ ನುಂಗಿದವನೇ, ಮೊದಲ ವಾರ ಹೊಟ್ಟೆ ತೊಳಸುತ್ತಿತ್ತು. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ರೋಗಿಗಳಿಗೆ ಚೀಟಿ ಎತ್ತಿ 1561 ಜನಕ್ಕೆ ಈ ಔಷಧ ಕೊಟ್ಟರು, 3155 ಜನಕ್ಕೆ ಮಾಮೂಲಿ ಚಿಕಿತ್ಸೆ. ಇಪ್ಪತ್ತೆಂಟು ದಿನಗಳಲ್ಲಿ ಸತ್ತವರು ಮೊದಲ ಗುಂಪಿನಲ್ಲಿ ನೂರಕ್ಕೆ 27, ಎರಡನೆಯದರಲ್ಲಿ 25. ಪ್ರಯೋಜನವಿಲ್ಲ ಎಂದಾಯಿತು. ಮಾರ್ಸೆಯ್ ಪ್ರಬಂಧವನ್ನು 2024ರ ಡಿಸೆಂಬರ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು.

ಹಾಗಾದರೆ ದೊಡ್ಡ ಪ್ರಯೋಗ, ಚೀಟಿ ಎತ್ತಿದ ಪ್ರಯೋಗ ಕೈಗೆ ಬಂದರೆ ಕಣ್ಣು ಮುಚ್ಚಿ ಅನುಸರಿಸಬಹುದೇ? ನನ್ನ ಮಟ್ಟಿಗೆ ಕಷ್ಟದ ಓದು ಶುರುವಾಗುವುದೇ ಅಲ್ಲಿ. ಕೆಟ್ಟ ಪ್ರಬಂಧದಲ್ಲಿ ತಪ್ಪು ಹುಡುಕುವುದು ಎರಡು ಗಂಟೆಯ ಕೆಲಸ. ಒಳ್ಳೆಯ ಪ್ರಬಂಧ ನನ್ನ ಮುಂದೆ ಕೂತ ರೋಗಿಗೆ ಹೊಂದುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಹಾಗಲ್ಲ. ಅದಕ್ಕಾಗಿ ಎರಡನೇ ಪ್ರಬಂಧವನ್ನು ತೆಗೆದೆ. ಅದೇ ರಿಕವರಿ ತಂಡದ್ದು, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕುರಿತದ್ದು.

ಇದರಲ್ಲಿ ತಲೆ ಎಣಿಸಿದರೆ ಲೆಕ್ಕ ಹೊಂದುತ್ತದೆ. ಔಷಧಕ್ಕೆ 2104, ಮಾಮೂಲಿ ಚಿಕಿತ್ಸೆಗೆ 4321. ಚೀಟಿ ಎತ್ತಿದ್ದಾರೆ. ಯಾರಿಗೆ ಔಷಧ ಸಿಕ್ಕಿದೆ ಎಂದು ವೈದ್ಯರಿಗೂ ರೋಗಿಗಳಿಗೂ ಗೊತ್ತಿತ್ತು. ಅದೊಂದು ಕೊರತೆಯಲ್ಲವೇ ಎಂದು ಒಬ್ಬ ಕೇಳಿದ. ನೋವು ಎಷ್ಟಿದೆ, ಸುಸ್ತು ಎಷ್ಟಿದೆ ಎಂದು ಕೇಳಿ ಬರೆದುಕೊಳ್ಳುವ ಅಧ್ಯಯನವಾಗಿದ್ದರೆ ಹೌದು, ಔಷಧ ಸಿಕ್ಕಿದೆ ಎಂಬ ಸಮಾಧಾನಕ್ಕೇ ಉತ್ತರ ಬದಲಾಗುತ್ತದೆ. ಇಲ್ಲಿ ಅಳೆದದ್ದು ಸಾವು. ಸಾವನ್ನು ಎಣಿಸುವುದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಒಟ್ಟು ಲೆಕ್ಕದಲ್ಲಿ ಔಷಧದ ಗುಂಪಿನಲ್ಲಿ ನೂರಕ್ಕೆ 22.9 ಸಾವು, ಇನ್ನೊಂದರಲ್ಲಿ 25.7.

ಬಹಳ ಜನ ಇಲ್ಲಿಗೆ ನಿಲ್ಲಿಸಿದರು. 'ಸ್ಟೀರಾಯ್ಡ್ ಜೀವ ಉಳಿಸುತ್ತದೆ' ಎಂಬುದು ಶೀರ್ಷಿಕೆಯಾಯಿತು. ಆದರೆ ಆ ಸರಾಸರಿ ಮೂರು ಬೇರೆ ಬೇರೆ ಕಥೆಗಳನ್ನು ಒಂದೇ ಪಾತ್ರೆಗೆ ಹಾಕಿ ಕಲಸಿದ್ದು. ಚೀಟಿ ಎತ್ತುವ ಹೊತ್ತಿಗೆ ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ನೂರಕ್ಕೆ 41ರಿಂದ 29ಕ್ಕೆ ಇಳಿದಿತ್ತು. ಅಂದರೆ ಇಂಥ ಎಂಟು ಜನಕ್ಕೆ ಕೊಟ್ಟರೆ ಒಂದು ಜೀವ ಉಳಿಯುತ್ತದೆ, ವೈದ್ಯಶಾಸ್ತ್ರದಲ್ಲಿ ಇಂಥ ಲಾಭ ಅಪರೂಪ. ಆಮ್ಲಜನಕ ಮಾತ್ರ ಬೇಕಿದ್ದವರಲ್ಲಿ 26ರಿಂದ 23ಕ್ಕೆ. ಆಮ್ಲಜನಕವೇ ಬೇಡದವರಲ್ಲಿ? ಔಷಧವಿಲ್ಲದೆ 14, ಔಷಧ ಕೊಟ್ಟಾಗ 17.8. ಏರಿಕೆ! ಈ ಮೂರನೇ ಗುಂಪಿನಲ್ಲಿ ಮುಳ್ಳು ಇನ್ನೂ ತೊನೆಯುತ್ತಿತ್ತು, ಹಾಗಾಗಿ ಕೇಡೇ ಆಯಿತೆಂದು ಹೇಳಲಾಗದು. ಆದರೆ ಒಳ್ಳೆಯದಾಯಿತು ಎನ್ನಲು ಒಂದು ಎಳೆ ಪುರಾವೆಯೂ ಅಲ್ಲಿಲ್ಲ.

ಕಾರಣ ರೋಗದ ನಡೆಯಲ್ಲಿದೆ. ಮೊದಲ ವಾರ ವೈರಸ್ ಬೆಳೆಯುವ ಕಾಲ. ಆಗ ದೇಹದ ರಕ್ಷಣೆ ಬೇಕು, ಸ್ಟೀರಾಯ್ಡ್ ಅದನ್ನೇ ತಗ್ಗಿಸುತ್ತದೆ. ಎರಡನೇ ವಾರ ಕೆಲವರಲ್ಲಿ ಆ ರಕ್ಷಣೆಯೇ ಹದ್ದು ಮೀರಿ ಶ್ವಾಸಕೋಶವನ್ನು ಸುಡುತ್ತದೆ. ಆಗ ತಗ್ಗಿಸುವುದರಿಂದ ಲಾಭ. ರೋಗ ಶುರುವಾಗಿ ಏಳು ದಿನ ದಾಟಿದವರಲ್ಲೇ ಪ್ರಯೋಜನ ಕಂಡದ್ದು ಈ ವಿವರಣೆಗೆ ಹೊಂದುತ್ತದೆ.

2021ರ ಏಪ್ರಿಲ್–ಮೇ ತಿಂಗಳಲ್ಲಿ, ಎರಡನೇ ಅಲೆಯ ಹೊತ್ತಿಗೆ, ನನ್ನ ಸೋದರಮಾವ ಫೋನ್ ಮಾಡಿದರು. ಜ್ವರ ಬಂದು ಮೂರನೇ ದಿನ. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಮ್ಲಜನಕ 97. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಪಟ್ಟಿ ಹಿಡಿದುಕೊಂಡು ಅಂಗಡಿಯಿಂದ ಮಾತ್ರೆ ತಂದಿದ್ದರು. ಅದರಲ್ಲಿ ಸ್ಟೀರಾಯ್ಡ್ ಇತ್ತು, ದಿನಕ್ಕೆ ಎರಡು ಸಲ, 'ಗುಣವಾಗುವವರೆಗೆ'. "ಇಂಗ್ಲೆಂಡಿನಲ್ಲಿ ಪ್ರೂವ್ ಆಗಿದೆಯಂತಲ್ಲೋ" ಎಂದರು. ಪ್ರೂವ್ ಆಗಿತ್ತು ನಿಜ. ಆದರೆ ಯಾರಲ್ಲಿ? ಆಸ್ಪತ್ರೆ ಸೇರಿ ಉಸಿರಾಡಲು ಆಮ್ಲಜನಕ ಬೇಕಾದವರಲ್ಲಿ. ಎಷ್ಟು? ದಿನಕ್ಕೊಂದು ಸಲ 6 ಮಿಲಿಗ್ರಾಂ. ಎಷ್ಟು ದಿನ? ಹೆಚ್ಚೆಂದರೆ ಹತ್ತು. ಮಾವ ಈ ಮೂರರಲ್ಲಿ ಒಂದಕ್ಕೂ ಹೊಂದುತ್ತಿರಲಿಲ್ಲ. ಸ್ಟೀರಾಯ್ಡ್ ಬಿಟ್ಟು ಉಳಿದದ್ದು ನುಂಗಿ, ದಿನಕ್ಕೆ ನಾಲ್ಕು ಸಲ ಬೆರಳಿನ ಯಂತ್ರ ನೋಡಿ ಎಂದೆ. ಬೈದುಕೊಂಡೇ ಒಪ್ಪಿದರು.

ಒಪ್ಪದವರು, ಕೇಳಲು ಯಾರೂ ಇಲ್ಲದವರು ಬಹಳ ಇದ್ದರು. ಆ ತಿಂಗಳುಗಳಲ್ಲಿ ನಮ್ಮ ರಾಜ್ಯವೂ ಸೇರಿ ದೇಶದ ತುಂಬ ಮ್ಯೂಕರ್‌ಮೈಕೋಸಿಸ್, ಜನರ ಬಾಯಲ್ಲಿ ಕಪ್ಪು ಶಿಲೀಂಧ್ರ, ಕಾಣಿಸಿಕೊಂಡಿತು. ಹತೋಟಿ ತಪ್ಪಿದ ಸಕ್ಕರೆ ಮತ್ತು ಅಳತೆ ಮೀರಿದ ಸ್ಟೀರಾಯ್ಡ್ ಎರಡೂ ಅದರ ಬೆನ್ನಿಗಿದ್ದವು. ಕಣ್ಣು ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.

"ಆದ್ರ ಸರ್, ಆ ಪೇಪರಿನಾಗ ಸೈಡ್ ಎಫೆಕ್ಟ್ ಬಗ್ಗೆ ಇರಲಿಲ್ಲೇನು?" ಎಂದಳು ಹುಡುಗಿ. ಇತ್ತು. 2104 ಜನರಲ್ಲಿ ಔಷಧದಿಂದ ಆದ ಗಂಭೀರ ತೊಂದರೆ ಎಂದು ವರದಿಯಾದದ್ದು ನಾಲ್ಕು, ಅದರಲ್ಲಿ ಸಕ್ಕರೆ ಏರಿದ್ದು ಎರಡು. ಇಷ್ಟು ಕಡಿಮೆಯೇ ಎಂದು ಅವಳಿಗೆ ಆಶ್ಚರ್ಯ. ನಾನು ಮತ್ತೆ ಚೌಕದ ಕಡೆಗೆ ಕೈ ತೋರಿಸಿದೆ. ಪ್ರಯೋಗಕ್ಕೆ ಬಂದವರು ಒಟ್ಟು 11,303. ಅವರಲ್ಲಿ 1948 ಜನರನ್ನು ಈ ಔಷಧದ ಚೀಟಿಗೆ ಸೇರಿಸಲೇ ಇಲ್ಲ. ಕೆಲವರ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ಔಷಧ ಇರಲಿಲ್ಲ, ಕೆಲವರಿಗೆ ಇದು ಬೇಕೇ ಬೇಕು ಅಥವಾ ಬೇಡವೇ ಬೇಡ ಎಂದು ನೋಡಿಕೊಳ್ಳುತ್ತಿದ್ದ ವೈದ್ಯರು ತೀರ್ಮಾನಿಸಿದ್ದರು. ಸ್ಟೀರಾಯ್ಡ್ ಕೊಟ್ಟರೆ ಅಪಾಯ ಎಂದು ವೈದ್ಯನಿಗೆ ಮೊದಲೇ ಅನ್ನಿಸಿದ ರೋಗಿ ಲೆಕ್ಕದೊಳಗೆ ಬಂದೇ ಇಲ್ಲ. ಇಲ್ಲಿ ಮಾಡಿದ್ದು ತಪ್ಪಲ್ಲ, ಹಾಗೆಯೇ ಮಾಡಬೇಕು. ಆದರೆ ಸುರಕ್ಷಿತ ಎಂಬ ಮಾತು ಯಾರ ಮಟ್ಟಿಗೆ ಎಂಬುದಕ್ಕೆ ಅದು ಗಡಿ ಹಾಕುತ್ತದೆ.

ಅವಳು ಬರೆದುಕೊಂಡಳು. ಆಮೇಲೆ ತಲೆ ಎತ್ತಿ, ಆ ಪ್ರಯೋಗದ ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇತ್ತು, ಮೊದಲ ಕೋಷ್ಟಕದಲ್ಲೇ ಇದೆ ಎಂದಳು. ನಾನು ಹೇಳದೆಯೇ ಆ ಕೋಷ್ಟಕಕ್ಕೆ ಹೋಗಿದ್ದಳು. "ಅಂದ್ರ ಸಕ್ಕರೆ ಇದ್ದವರಿಗೂ ಕೊಟ್ಟಾರ. ಅಲ್ಲಿ ಆಗದ್ದು ಇಲ್ಲಿ ಯಾಕಾಯ್ತು ಸರ್? ಆಸ್ಪತ್ರೆಯಾಗ ಸರಿಯಾಗಿ ಆಮ್ಲಜನಕಕ್ಕೆ ಹಾಕಿ, ಸರಿಯಾದ ಡೋಸ್ ಕೊಟ್ಟವರಿಗೂ ಇಲ್ಲಿ ಆಗೈತಲ್ಲ?"

ಅಲ್ಲಿನ ವಾರ್ಡುಗಳಲ್ಲಿ ಸಕ್ಕರೆ ನೋಡಿ ಇನ್ಸುಲಿನ್ ಹೊಂದಿಸಲು ಜನರಿದ್ದರು ಎಂದೆ. ಪ್ರಬಂಧದ ವಿಧಾನದ ಭಾಗದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ, ಗೋಡೆ ಇದೆ, ಮಂಚ ಇದೆ ಎಂದು ಬರೆಯದ ಹಾಗೆ.

"ನೀವು ಡ್ಯೂಟಿ ಮಾಡಿದ ವಾರ್ಡಿನಾಗ ರಾತ್ರಿ ಎಷ್ಟು ಸಲ ನೋಡ್ತಿದ್ರಿ ಸರ್?"

ನಲವತ್ತು ಹಾಸಿಗೆಗೆ ಒಬ್ಬರೇ ಸಿಸ್ಟರ್ ಇದ್ದರು. ಗ್ಲೂಕೋಮೀಟರ್ ಇತ್ತು. ಸ್ಟ್ರಿಪ್ಪುಗಳು ಆ ವಾರ ಮುಗಿದಿದ್ದವು.